‘3+’ ಎಂದರೆ ಗಂಟಲಿನ ಲೆಕ್ಕ: ಎಳೆಯ ಮಕ್ಕಳಿಗೆ ಆಟಿಕೆ ಆರಿಸುವುದು ಹೇಗೆ?

ಗಲ್ಫ್‌ನಲ್ಲಿ ಶಾಲೆಗಳಿಗೆ ಬೇಸಗೆ ರಜೆ ಸಿಗುವ ಹೊತ್ತಿಗೆ ಕಾಸರಗೋಡಿನಲ್ಲಿ ಜಡಿಮಳೆ. ದುಬೈ, ದೋಹಾಗಳಿಂದ ಊರಿಗೆ ಬಂದವರ ಪೆಟ್ಟಿಗೆಯಿಂದ ಚಾಕಲೇಟಿನ ಹಿಂದೆಯೇ ಆಟಿಕೆಗಳೂ ಹೊರಬೀಳುತ್ತವೆ. ಮಳೆ ನಿಂತ ಮೇಲೆ ಜಾತ್ರೆ, ನೇಮ, ಉರೂಸುಗಳ ಸಂತೆ ಶುರು. ಇವೆರಡರ ನಡುವೆ, ಅಕ್ಕನ ಮಕ್ಕಳು ಆಡಿ ಬಿಟ್ಟ ಆಟಿಕೆಗಳ ಚೀಲವೊಂದು ವರ್ಷವಿಡೀ ಮನೆಯಿಂದ ಮನೆಗೆ ಪಯಣಿಸುತ್ತಲೇ ಇರುತ್ತದೆ. ಹೀಗೆ ಬರುವ ಬಹುಪಾಲು ಪೊಟ್ಟಣಗಳ ಮೂಲೆಯಲ್ಲಿ ‘3+’ ಎಂದು ಅಚ್ಚಾಗಿರುತ್ತದೆ. ಮಗುವಿಗೆ ಇನ್ನೂ ಒಂದೂವರೆ ವರ್ಷ. ಆಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: “ಅಡ್ಡಿಯಿಲ್ಲ, ಇವನು ವಯಸ್ಸಿಗಿಂತ ಚುರುಕು.”

ಪುಸ್ತಕ ಕೊಳ್ಳುವಾಗ ಈ ಮಾತು ಒಪ್ಪುತ್ತದೆ. ಆಟಿಕೆಯ ಮೇಲಿನ ಅಂಕಿಗೆ ಮಗುವಿನ ಚುರುಕುತನದೊಂದಿಗೆ ಸಂಬಂಧ ಕಡಿಮೆ. ಅದು ಮಗುವಿನ ಗಂಟಲು, ಹಲ್ಲು ಮತ್ತು ಕೆಮ್ಮಿನ ಬಲವನ್ನು ಲೆಕ್ಕ ಹಾಕಿ ಬರೆದ ಅಂಕಿ. ಚುರುಕಾದ ಮಗು ಬೇಗ ಹರಿದಾಡುತ್ತದೆ, ಬೇಗ ಬಿಚ್ಚುತ್ತದೆ, ಬೇಗ ಬಾಯಿಗೆ ಹಾಕುತ್ತದೆ. ಹಾಗೆ ನೋಡಿದರೆ ಅಂಕಿಯನ್ನು ಹೆಚ್ಚು ಗಮನಿಸಬೇಕಾದವರು ಚುರುಕು ಮಕ್ಕಳ ಮನೆಯವರೇ.

ಮೂರು ವರ್ಷದ ಗೆರೆ ಏಕೆ?

ಹುಟ್ಟಿದ ಕೆಲವು ತಿಂಗಳಲ್ಲೇ ಮಗು ಲೋಕವನ್ನು ಬಾಯಿಯಿಂದ ಪರಿಚಯಿಸಿಕೊಳ್ಳಲು ಶುರುಮಾಡುತ್ತದೆ. ಕೈಗೆ ಸಿಕ್ಕಿದ್ದು ಬಾಯಿಗೆ ಹೋಗುವುದು ಕೆಟ್ಟ ಅಭ್ಯಾಸವಲ್ಲ, ಬೆಳವಣಿಗೆಯ ಹಂತ. ಆದರೆ ಬಾಯಿಗೆ ಹೋದದ್ದನ್ನು ನಿಭಾಯಿಸುವ ಸಲಕರಣೆ ಆಗಿನ್ನೂ ಸಿದ್ಧವಾಗಿರುವುದಿಲ್ಲ. ಅಗಿಯುವ ದವಡೆ ಹಲ್ಲುಗಳು ಒಂದು ವರ್ಷ ಕಳೆದ ಮೇಲೆ ಬರತೊಡಗುತ್ತವೆ. ಹಾಲುಹಲ್ಲುಗಳ ಸಾಲು ಪೂರ್ಣವಾಗುವಾಗ ಎರಡೂವರೆ ವರ್ಷ ಆಗಿರುತ್ತದೆ. ಉಸಿರಿನ ದಾರಿ ಕಿರಿದು. ಸಿಕ್ಕಿಕೊಂಡದ್ದನ್ನು ಹೊರಗೆ ತಳ್ಳುವಷ್ಟು ಗಾಳಿಯನ್ನು ಒಂದೇ ಕೆಮ್ಮಿನಲ್ಲಿ ನೂಕುವ ಶಕ್ತಿ ಎಳೆಯ ಎದೆಗೂಡಿಗೆ ಇಲ್ಲ. ಎಲ್ಲವನ್ನೂ ಬಾಯಿಗಿಡುವ ಚಾಳಿ ಸುಮಾರು ಮೂರು ವರ್ಷದ ಹೊತ್ತಿಗೆ ಇಳಿಯುತ್ತದೆ. ಆದ್ದರಿಂದಲೇ ಆಟಿಕೆಯ ಮಾನದಂಡಗಳು 36 ತಿಂಗಳಲ್ಲಿ ಗೆರೆ ಎಳೆದಿವೆ.

ಈ ಗೆರೆಯನ್ನು ಪೊಟ್ಟಣದ ಮೇಲೆ ಚಿತ್ರದಲ್ಲೂ ತೋರಿಸುತ್ತಾರೆ: ಕೆಂಪು ವೃತ್ತ, ಒಳಗೆ ಮಗುವಿನ ಮುಖ, ‘0-3’ ಎಂಬ ಅಂಕಿ, ಅದರ ಮೇಲೆ ಅಡ್ಡಗೆರೆ. ಮೂರು ವರ್ಷದೊಳಗಿನ ಮಗುವಿಗೆ ಕೊಡಬಾರದು ಎಂದು ಅರ್ಥ. ಹೆಚ್ಚಾಗಿ ಇದರ ಪಕ್ಕದಲ್ಲೇ ಕಾರಣವನ್ನೂ ಚಿಕ್ಕ ಅಕ್ಷರದಲ್ಲಿ ಬರೆದಿರುತ್ತಾರೆ, ಸಣ್ಣ ಭಾಗಗಳಿವೆ, ಉದ್ದದ ದಾರವಿದೆ ಎಂದು. ಆ ಚಿಕ್ಕ ಅಕ್ಷರವೇ ಓದಬೇಕಾದದ್ದು.

ಇದರಲ್ಲೊಂದು ಚಮತ್ಕಾರವೂ ನಡೆಯುತ್ತದೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗೆ ಪರೀಕ್ಷೆ ಕಠಿಣ. ಅದನ್ನು ತಪ್ಪಿಸಿಕೊಳ್ಳಲು ಕೆಲವರು ಗಿಲಕಿಗೂ ಅಪ್ಪಿಕೊಂಡು ಮಲಗುವ ಹತ್ತಿಯ ಗೊಂಬೆಗೂ ‘3+’ ಅಂಟಿಸಿಬಿಡುತ್ತಾರೆ. ಮಾನದಂಡ ಇದನ್ನು ಒಪ್ಪುವುದಿಲ್ಲ. ಗಿಲಕಿಯಂಥವು ಎಳೆಯ ಮಕ್ಕಳಿಗೆಂದೇ ಇರುವ ವಸ್ತುಗಳು, ಮೇಲೆ ಏನೇ ಬರೆದರೂ ಕಠಿಣ ಪರೀಕ್ಷೆಯನ್ನೇ ಗೆಲ್ಲಬೇಕು. ಗಿಲಕಿಯ ಮೇಲೆ ‘3+’ ಕಂಡರೆ ಅದನ್ನು ಅಂಗಡಿಯಲ್ಲೇ ಬಿಟ್ಟುಬರುವುದು ಒಳ್ಳೆಯದು.

ಮದುವೆ ಕಾಗದದಿಂದ ಒಂದು ಕೊಳವೆ

‘ಸಣ್ಣ ಭಾಗ’ ಎಂದರೆ ಎಷ್ಟು ಸಣ್ಣದು? ಇದನ್ನು ಕಣ್ಣಳತೆಗೆ ಬಿಟ್ಟಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಒಂದು ಲೋಹದ ಕೊಳವೆ ಇರುತ್ತದೆ. ಅದರ ಒಳ ಅಗಲ 31.7 ಮಿಲಿಮೀಟರ್. ತಳ ಓರೆಯಾಗಿರುವುದರಿಂದ ಒಂದು ಬದಿಯ ಆಳ 25.4 ಮಿ.ಮೀ., ಇನ್ನೊಂದು ಬದಿಯದು 57.1 ಮಿ.ಮೀ. ಎಳೆಯ ಮಗುವಿನ ಬಾಯಿ ಗಂಟಲುಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಅಳತೆ ಇದು. ಆಟಿಕೆಯಾಗಲೀ ಅದರಿಂದ ಕಳಚಿದ ತುಂಡಾಗಲೀ, ಅದುಮದೆ, ಹೇಗೆ ತಿರುಗಿಸಿ ಹಾಕಿದರೂ ಇದರೊಳಗೆ ಪೂರ್ತಿ ಮುಳುಗಬಾರದು. ಮುಳುಗಿದರೆ ಮೂರು ವರ್ಷದೊಳಗಿನವರಿಗೆ ಅದು ನಿಷಿದ್ಧ.

ಇದೇ ಕೊಳವೆಯನ್ನು ಮನೆಯಲ್ಲಿ ಮಾಡಿಕೊಳ್ಳಬಹುದು. ಕಪಾಟಿನಲ್ಲಿ ಬಿದ್ದಿರುವ ದಪ್ಪ ಮದುವೆ ಕಾಗದವೊಂದು ಸಾಕು. ಅದರಿಂದ 11 ಸೆಂಟಿಮೀಟರ್ ಉದ್ದ, 5.7 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ. ಉದ್ದದ ಒಂದು ತುದಿಯಿಂದ 10 ಸೆಂ.ಮೀ.ಗೆ ಪೆನ್ಸಿಲಿನಲ್ಲಿ ಗೆರೆ ಹಾಕಿ. ಪಟ್ಟಿಯನ್ನು ಸುತ್ತಿ, ಆ ತುದಿ ಈ ಗೆರೆಗೆ ಸರಿಯಾಗಿ ತಾಗುವಂತೆ ಹಿಡಿದು ಅಂಟುಪಟ್ಟಿ ಹಚ್ಚಿ. ಸುತ್ತಳತೆ 10 ಸೆಂ.ಮೀ. ಬಂದಾಗ ಅಗಲ ತಾನಾಗಿ 3.2 ಸೆಂ.ಮೀ. ಸುಮಾರಿಗೆ ಬರುತ್ತದೆ. ತಳವನ್ನು ಓರೆ ಮಾಡುವ ಗೋಜು ಬೇಡ. ನೇರ ಕೊಳವೆಯನ್ನು ಮೇಜಿನ ಮೇಲೆ ನಿಲ್ಲಿಸಿದರೆ ಒಳಗಿನ ಜಾಗ ಅಸಲಿ ಕೊಳವೆಗಿಂತ ತುಸು ಹೆಚ್ಚಾಗುತ್ತದೆ. ಅಂದರೆ ನಮ್ಮ ಪರೀಕ್ಷೆ ಇನ್ನಷ್ಟು ಬಿಗಿ, ನಷ್ಟವೇನಿಲ್ಲ.

ಈಗ ಮನೆಯಲ್ಲಿರುವುದನ್ನು ಒಂದೊಂದಾಗಿ ಹಾಕಿ ನೋಡಿ. ಅಂಗಳದಿಂದ ತಂದ ಸುಲಿದ ಅಡಿಕೆ ಸಲೀಸಾಗಿ ಇಳಿಯುತ್ತದೆ. ಹತ್ತು ರೂಪಾಯಿ ನಾಣ್ಯ 27 ಮಿ.ಮೀ. ಅಗಲ, ಅದೂ ಇಳಿಯುತ್ತದೆ. ಗಾಜಿನ ಗೋಲಿ, ಪೆನ್ನಿನ ಮುಚ್ಚಳ, ಗೊಂಬೆಯ ಚಪ್ಪಲಿ, ಆಟದ ಕಾರಿನ ಟೈರು ಎಲ್ಲವೂ ಒಳಗೆ. ದೊಡ್ಡ ಮಕ್ಕಳು ಕಟ್ಟಿ ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳಲ್ಲಿ ಎಂಟು ಗುಬ್ಬಿಯದು 32 ಮಿ.ಮೀ. ಉದ್ದವಿದ್ದರೂ ಅಗಲ 16 ಮಿ.ಮೀ. ಮಾತ್ರ. ನೆಟ್ಟಗೆ ಹಿಡಿದು ಬಿಟ್ಟರೆ ಮುಳುಗಿಯೇಬಿಡುತ್ತದೆ. ಮೊದಲ ಸಲ ಈ ಪರೀಕ್ಷೆ ಮಾಡುವವರಿಗೆ ಅಚ್ಚರಿಯಾಗುವುದು ಇಲ್ಲೇ, ‘ಇಷ್ಟು ದೊಡ್ಡದನ್ನು ಮಗು ನುಂಗಲಾರದು’ ಎಂದುಕೊಂಡದ್ದೆಲ್ಲ ಕೊಳವೆಯ ಬುಡದಲ್ಲಿರುತ್ತದೆ.

ಉರುಟಾದ ವಸ್ತುವಿಗೆ ಈ ಕೊಳವೆ ಸಾಲದು. ಚೌಕಾಕಾರದ ತುಂಡು ಸಿಕ್ಕಿಕೊಂಡರೂ ಮೂಲೆಗಳ ಪಕ್ಕ ಒಂದಿಷ್ಟು ಗಾಳಿ ನುಸುಳಲು ಜಾಗವಿರಬಹುದು. ಚೆಂಡು ಮಾತ್ರ ಗಂಟಲಿನ ಹಿಂಭಾಗದಲ್ಲಿ ಕೂತರೆ ಸುತ್ತಲೂ ಮುಚ್ಚಿಬಿಡುತ್ತದೆ, ಮೇಲಾಗಿ ಜಾರುವುದರಿಂದ ಬೆರಳಿಗೂ ಸಿಗುವುದಿಲ್ಲ. ಆದ್ದರಿಂದ ಚೆಂಡಿಗೆ ಬೇರೆಯೇ ಅಳತೆ: 44.5 ಮಿ.ಮೀ. ತೂತಿನಲ್ಲಿ ಅದು ದಾಟಬಾರದು. ಕೈವಾರದಲ್ಲಿ 2.25 ಸೆಂ.ಮೀ. ತ್ರಿಜ್ಯ ಇಟ್ಟು ರಟ್ಟಿನಲ್ಲಿ ವೃತ್ತ ಕತ್ತರಿಸಿದರೆ ಈ ಅಳತೆಯೂ ಸಿದ್ಧ. ಟೇಬಲ್ ಟೆನಿಸ್ ಚೆಂಡನ್ನು ತೆಗೆದುಕೊಳ್ಳಿ. ಅದರ ಅಗಲ 40 ಮಿ.ಮೀ. ಕೊಳವೆಯೊಳಗೆ ಹೋಗುವುದಿಲ್ಲ, ಆ ಪರೀಕ್ಷೆಯಲ್ಲಿ ಪಾಸು. ರಟ್ಟಿನ ತೂತಿನಲ್ಲಿ ಸುಮ್ಮನೆ ದಾಟಿಹೋಗುತ್ತದೆ, ಆದ್ದರಿಂದ ಎಳೆಯ ಮಗುವಿನ ಕೈಗೆ ಸಲ್ಲದು. ಸಂತೆಯಲ್ಲಿ ಸಿಗುವ ಪುಟಿಯುವ ರಬ್ಬರ್ ಚೆಂಡುಗಳಲ್ಲಿ ಹೆಚ್ಚಿನವು ಇದಕ್ಕಿಂತಲೂ ಚಿಕ್ಕವು.

ಎರಡೂ ಅಳತೆಗಳಿಗೆ ಸಿಗದ ಒಂದು ವಸ್ತು ಪುಗ್ಗೆ. ಒಡೆದ ಪುಗ್ಗೆಯ ರಬ್ಬರ್ ಚೂರು ಗಂಟಲಿನ ಆಕಾರಕ್ಕೇ ಅಂಟಿಕೊಳ್ಳುತ್ತದೆ. ಉಸಿರೆಳೆದಷ್ಟೂ ಬಿಗಿಯಾಗುತ್ತದೆ. ಊದುವ ಪುಗ್ಗೆಗೆ ಎಂಟು ವರ್ಷದವರೆಗೂ ದೊಡ್ಡವರು ಜೊತೆಗಿರಬೇಕು ಎಂಬ ಎಚ್ಚರಿಕೆ ಬರೆಯುವುದು ಇದಕ್ಕೇ. ಹುಟ್ಟುಹಬ್ಬ ಮುಗಿದ ಮೇಲೆ ಚಾವಡಿಯ ಮೂಲೆಯಲ್ಲಿ ಬಿದ್ದ ಚೂರುಗಳನ್ನು ಅಂದೇ ಗುಡಿಸಿ ತೆಗೆಯಬೇಕು.

ಒಂದು ವೇಳೆ ಏನಾದರೂ ಸಿಕ್ಕಿಕೊಂಡೇಬಿಟ್ಟರೆ, ಮಗು ಜೋರಾಗಿ ಕೆಮ್ಮುತ್ತಿರುವವರೆಗೆ ಕೆಮ್ಮಲು ಬಿಡಿ. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಿದರೆ ಅದು ಇನ್ನೂ ಆಳಕ್ಕೆ ಹೋಗುತ್ತದೆ. ಕೆಮ್ಮು, ಅಳು ಎರಡೂ ನಿಂತು ಮುಖ ನೀಲಿಗಟ್ಟಿದರೆ ಒಂದು ಕ್ಷಣವೂ ಕಾಯುವಂತಿಲ್ಲ. ವರ್ಷದೊಳಗಿನ ಮಗುವನ್ನು ಮುಂಗೈ ಮೇಲೆ ತಲೆ ಕೆಳಗಾಗುವಂತೆ ಕವುಚಿ ಮಲಗಿಸಿ, ತಲೆಗೆ ಆಸರೆ ಕೊಟ್ಟು, ಹೆಗಲ ಎಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ತಟ್ಟಬೇಕು. ವಸ್ತು ಹೊರಬಾರದಿದ್ದರೆ ಮಗುವನ್ನು ಅಂಗಾತ ತಿರುಗಿಸಿ ಎದೆಯ ನಡುವೆ ಐದು ಸಲ ಒತ್ತಬೇಕು. ಇವೆರಡನ್ನೂ ಒಂದರ ಹಿಂದೊಂದು ಮುಂದುವರಿಸುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು.

ಅಯಸ್ಕಾಂತ: ಒಂದಲ್ಲ, ಎರಡು ನುಂಗಿದಾಗ

ಮೇಲಿನದೆಲ್ಲ ಉಸಿರಿನ ದಾರಿಯ ಮಾತು. ಅಯಸ್ಕಾಂತದ ಅಪಾಯ ಶುರುವಾಗುವುದು ಅದು ಗಂಟಲನ್ನು ಸಲೀಸಾಗಿ ದಾಟಿ ಹೊಟ್ಟೆ ಸೇರಿದ ಮೇಲೆ.

ಇಂದಿನ ಆಟಿಕೆಗಳಲ್ಲಿರುವುದು ಹಳೆಯ ಕರಿ ಅಯಸ್ಕಾಂತವಲ್ಲ. ನಿಯೋಡಿಮಿಯಂ ಎಂಬ ಲೋಹ ಬೆರೆತ, ಬೆಳ್ಳಿಯ ಹೊಳಪಿನ, ಕೆಲವೇ ಮಿಲಿಮೀಟರ್ ಗಾತ್ರದ ಬಿಲ್ಲೆ ಅಥವಾ ಮಣಿ. ಗಾತ್ರಕ್ಕೆ ಹೋಲಿಸಿದರೆ ಅದರ ಸೆಳೆತ ಅಗಾಧ. ಎರಡನ್ನು ಹತ್ತಿರ ತಂದರೆ ಬೆರಳಿನ ಚರ್ಮವನ್ನು ಚಿವುಟಿಯೇ ಸೇರಿಕೊಳ್ಳುತ್ತವೆ.

ಮಗು ಇಂಥದ್ದೊಂದನ್ನು ಈಗ, ಇನ್ನೊಂದನ್ನು ಸ್ವಲ್ಪ ಹೊತ್ತಿನ ನಂತರ ನುಂಗಿತು ಎಂದಿಟ್ಟುಕೊಳ್ಳೋಣ. ಮೊದಲನೆಯದು ಕರುಳಿನ ಒಂದು ಸುರುಳಿಯಲ್ಲಿ, ಎರಡನೆಯದು ಅದರ ಮೇಲೆ ಮಡಿಸಿಕೊಂಡಿರುವ ಇನ್ನೊಂದು ಸುರುಳಿಯಲ್ಲಿ ಸಾಗುತ್ತಿರುತ್ತದೆ. ಗೋಡೆಗಳ ಆಚೀಚೆಯಿಂದ ಅವು ಪರಸ್ಪರ ಎಳೆದುಕೊಂಡು ನಿಲ್ಲುತ್ತವೆ. ನಡುವೆ ಸಿಕ್ಕ ಕರುಳಿನ ಗೋಡೆ, ಒಣಹಾಕಿದ ಬಟ್ಟೆಗೆ ಕ್ಲಿಪ್ಪು ಕಚ್ಚಿದಂತೆ, ಎರಡೂ ಬದಿಯಿಂದ ಅದುಮಿಸಿಕೊಳ್ಳುತ್ತದೆ. ಅದುಮಿದ ಜಾಗಕ್ಕೆ ರಕ್ತ ಹರಿಯುವುದಿಲ್ಲ. ಅಲ್ಲಿನ ಮಾಂಸ ಸತ್ತು ತೂತಾಗುತ್ತದೆ, ಕರುಳಿನೊಳಗಿನದು ಹೊಟ್ಟೆಯ ಪೊಳ್ಳಿಗೆ ಸೋರಿ ನಂಜಾಗುತ್ತದೆ. ಕೆಲವೊಮ್ಮೆ ಸಿಕ್ಕಿದ ಸುರುಳಿಯೇ ತಿರುಚಿಕೊಳ್ಳುತ್ತದೆ. ಒಂದೇ ಅಯಸ್ಕಾಂತವಾದರೆ ಸಾಮಾನ್ಯವಾಗಿ ಮಲದಲ್ಲಿ ಹೊರಟುಹೋಗಬಹುದು. ಎರಡಾದರೆ, ಅಥವಾ ಒಂದರ ಜೊತೆ ಕಬ್ಬಿಣದ ತುಂಡೊಂದು ಸೇರಿದರೆ, ಲೆಕ್ಕವೇ ಬೇರೆ. ಎಷ್ಟು ನುಂಗಿದೆ ಎಂದು ಹೊರಗಿನಿಂದ ತಿಳಿಯುವಂತಿಲ್ಲವಾದ್ದರಿಂದ ಒಂದೆಂದು ನಂಬಿ ಕೂರುವುದೂ ಸಲ್ಲದು.

ಇದರ ಕಪಟ ಇರುವುದು ಲಕ್ಷಣಗಳಲ್ಲಿ. ಮೊದಲು ಏನೂ ಇರುವುದಿಲ್ಲ, ಮಗು ಆಡಿಕೊಂಡೇ ಇರುತ್ತದೆ. ಆಮೇಲೆ ವಾಂತಿ, ಹೊಟ್ಟೆನೋವು, ಸಣ್ಣ ಜ್ವರ. ಮಳೆಗಾಲದಲ್ಲಿ ಇವನ್ನು ಕಂಡ ಯಾರಾದರೂ ನೀರು ಬದಲಾದದ್ದಕ್ಕೋ ತಿಂದದ್ದು ಅರಗದ್ದಕ್ಕೋ ಹೀಗಾಗಿದೆ ಎಂದುಕೊಂಡು ಓಮದ ಕಷಾಯ ಕುಡಿಸುತ್ತಾರೆ. ಮನೆಯಲ್ಲಿ ಅಯಸ್ಕಾಂತದ ಆಟಿಕೆ ಇದ್ದು, ಒಂದು ಬಿಲ್ಲೆ ಲೆಕ್ಕಕ್ಕೆ ಸಿಗದಿದ್ದರೆ ಲಕ್ಷಣಕ್ಕಾಗಿ ಕಾಯದೆ ಎಕ್ಸ್‌ರೇ ಇರುವ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ವಾಂತಿ ಮಾಡಿಸಬಾರದು. ಅರಿವಳಿಕೆ ಕೊಟ್ಟು ತೆಗೆಯಬೇಕಾಗಿ ಬರಬಹುದಾದ್ದರಿಂದ ದಾರಿಯಲ್ಲಿ ಏನನ್ನೂ ತಿನ್ನಿಸಲೂ ಬಾರದು. ಉಳಿದ ಬಿಲ್ಲೆಗಳನ್ನು ಕೊಂಡೊಯ್ದರೆ ವೈದ್ಯರಿಗೆ ಉಪಕಾರ. ಅಂಟಿಕೊಂಡ ಎರಡು ಬಿಲ್ಲೆಗಳು ಚಿತ್ರದಲ್ಲಿ ಒಂದೇ ಎಂಬಂತೆ ಕಾಣಬಹುದು, ಆದ್ದರಿಂದ ಬದಿಯಿಂದಲೂ ಚಿತ್ರ ತೆಗೆಯುತ್ತಾರೆ. ನಮ್ಮ ಕಡೆಯವರಿಗೆ ಏನಾದರೂ ಆದರೆ ನೇರ ಮಂಗಳೂರಿಗೆ ಹೊರಡುವ ರೂಢಿ. ಬದಿಯಡ್ಕದಿಂದಲೋ ಪೆರ್ಲದಿಂದಲೋ ಹೊರಡುವವರು ಮೊದಲು ಹತ್ತಿರದಲ್ಲಿ ಎಕ್ಸ್‌ರೇ ಮಾಡಿಸಿ, ಅದನ್ನು ಹಿಡಿದುಕೊಂಡು ಹೋದರೆ ಅಲ್ಲಿ ಸಮಯ ಉಳಿಯುತ್ತದೆ.

ಮಾನದಂಡ ಹೇಳುವುದು ಸರಳವಾಗಿದೆ: ಆಟಿಕೆಯ ಅಯಸ್ಕಾಂತ ಕೊಳವೆಯಲ್ಲಿ ಹಿಡಿಸದಷ್ಟು ದೊಡ್ಡದಿರಬೇಕು, ಇಲ್ಲವೇ ಸೆಳೆತ ತೀರಾ ಕಡಿಮೆ ಇರಬೇಕು, ಎರಡೂ ಅಲ್ಲವಾದರೆ ಎಳೆದರೂ ಬೀಳಿಸಿದರೂ ಹೊರಬಾರದಂತೆ ಒಳಗೆ ಮುಚ್ಚಿರಬೇಕು. ಈಗ ಜನಪ್ರಿಯವಾಗಿರುವ ಬಣ್ಣದ ಅಯಸ್ಕಾಂತದ ಹಲಗೆಗಳು ಮೂರನೆಯ ಬಗೆಯವು. ಅವುಗಳನ್ನು ಅಲುಗಿಸಿದಾಗ ಒಳಗೆ ಕಟಕಟ ಸದ್ದಾದರೆ ಗಾಬರಿಯಾಗಬೇಕಿಲ್ಲ. ಯಾವ ಬದಿಯಿಂದ ತಂದರೂ ಅಂಟಿಕೊಳ್ಳಲೆಂದು ಒಳಗಿನ ಬಿಲ್ಲೆ ತಿರುಗುವಂತೆ ಮಾಡಿರುತ್ತಾರೆ. ನೋಡಬೇಕಾದದ್ದು ಅಂಚನ್ನು. ಎರಡು ಪ್ಲಾಸ್ಟಿಕ್ ಹಾಳೆಗಳು ಸೇರಿದ ಗೆರೆಯಲ್ಲಿ ಉಗುರು ಹಾಕಿ ಸುತ್ತಲೂ ಎಳೆಯಿರಿ. ಉಗುರು ಎಲ್ಲಾದರೂ ಒಳಗಿಳಿದರೆ, ಮೂಲೆಯಲ್ಲಿ ಕೂದಲಷ್ಟು ಬಿರುಕು ಕಂಡರೆ, ಆ ಹಲಗೆ ತಿರಸ್ಕೃತ. ಅಂಟು ಹಚ್ಚಿ ಮರಳಿ ಕೊಡುವುದು ಬೇಡ. ಬಿಡಿ ಮಣಿಗಳ ರೂಪದಲ್ಲಿ ಬರುವ ಅಯಸ್ಕಾಂತಗಳು ದೊಡ್ಡವರ ಮೇಜಿನ ಮೇಲಿಡಲೆಂದು ಮಾರುವಂಥವು. ಚಿಕ್ಕ ಮಗು ಇರುವ ಮನೆಗೆ ಅವು ಬರುವುದೇ ಬೇಡ.

ಬಣ್ಣ: ಕಣ್ಣಿಗೆ ಕಾಣದ ಭಾಗ

ಗಾತ್ರವನ್ನು ಮನೆಯಲ್ಲಿ ಅಳೆಯಬಹುದು. ಬಣ್ಣದೊಳಗೆ ಏನಿದೆ ಎಂದು ಅಳೆಯುವಂತಿಲ್ಲ. ಹೊಳಪು, ವಾಸನೆ, ಬೆಲೆ ಯಾವುದೂ ಸುಳಿವು ಕೊಡುವುದಿಲ್ಲ.

ಮುಖ್ಯ ಚಿಂತೆ ಸೀಸದ್ದು. ಹಳದಿ, ಕಿತ್ತಳೆ, ಕೆಂಪು ಬಣ್ಣಗಳಿಗೆ ಸೀಸದ ಲವಣಗಳನ್ನು ಬಹುಕಾಲ ಬಳಸಿದ್ದಾರೆ, ಅವು ಗಾಢವಾಗಿಯೂ ಬಾಳಿಕೆ ಬರುವಂತೆಯೂ ಇರುತ್ತವೆ ಎಂಬ ಕಾರಣಕ್ಕೆ. ಮಗು ಬಣ್ಣದ ಚಕ್ಕೆಯನ್ನು ನುಂಗಿದಾಗ ಜಠರದ ಆಮ್ಲ ಅದರಿಂದ ಸೀಸವನ್ನು ಕರಗಿಸಿ ತೆಗೆಯುತ್ತದೆ. ನುಂಗಿದ ಸೀಸದಲ್ಲಿ ಮಗುವಿನ ದೇಹ ಹೀರಿಕೊಳ್ಳುವ ಪಾಲು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು. ಅದು ಬೆಳೆಯುತ್ತಿರುವ ಮಿದುಳಿಗೆ ಹಾನಿ ಮಾಡುತ್ತದೆ. ಇಷ್ಟರವರೆಗೆ ಸುರಕ್ಷಿತ ಎನ್ನುವ ಮಟ್ಟ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರಯೋಗಾಲಯದಲ್ಲಿ ಬಣ್ಣವನ್ನು ಕೆರೆದು, ಜಠರದ ಆಮ್ಲದಂಥದೇ ದ್ರಾವಣದಲ್ಲಿಟ್ಟು, ಎಷ್ಟು ಸೀಸ ಹೊರಬಂತೆಂದು ಅಳೆಯುತ್ತಾರೆ. ಕಿಲೋ ಬಣ್ಣಕ್ಕೆ 90 ಮಿಲಿಗ್ರಾಂ ಮಿತಿ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು: ಬಣ್ಣ ಏಳುತ್ತಿರುವ ಆಟಿಕೆಯನ್ನು ಬಾಯಿಗಿಡುವ ಮಗುವಿಗೆ ಕೊಡದಿರುವುದು. ಅದನ್ನು ಮರಳುಕಾಗದದಿಂದ ಉಜ್ಜಿ ಹೊಸದಾಗಿ ಬಣ್ಣ ಬಳಿಯುವ ಉತ್ಸಾಹ ಕೆಲವರಿಗಿರುತ್ತದೆ. ಉಜ್ಜಿದಾಗ ಏಳುವ ಧೂಳು ಚಕ್ಕೆಗಿಂತ ಕೆಟ್ಟದ್ದು, ನೆಲದ ತುಂಬ ಹರಡಿ ಹರಿದಾಡುವ ಮಗುವಿನ ಅಂಗೈಗೆ ಹತ್ತುತ್ತದೆ. ಗೇಟಿಗೆ, ಕಿಟಕಿಯ ಸರಳಿಗೆ ಬಳಿದು ಉಳಿದ ಹಳೆಯ ಡಬ್ಬಿಯ ಬಣ್ಣವಂತೂ ಬೇಡವೇ ಬೇಡ. ಮನೆಬಳಕೆಯ ಬಣ್ಣಗಳಲ್ಲಿ ಸೀಸಕ್ಕೆ ಮಿತಿ ಹಾಕುವ ಕೇಂದ್ರದ ನಿಯಮ ಬಂದದ್ದೇ 2016ರಲ್ಲಿ.

ಚನ್ನಪಟ್ಟಣದ ಬೊಂಬೆಗಳ ಕಥೆ ಬೇರೆ. ಅಲ್ಲಿ ಕುಂಚದಿಂದ ಬಣ್ಣ ಬಳಿಯುವುದಿಲ್ಲ. ಕಡಚಲು ಯಂತ್ರದಲ್ಲಿ ತಿರುಗುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಚಕ್ಕೆ ಏಳುವುದು ಕಡಿಮೆ. ಆದರೆ ಅರಗು ಬಿಸಿನೀರಿಗೆ ಮೆತ್ತಗಾಗುತ್ತದೆ, ಆದ್ದರಿಂದ ಕುದಿಸಿ ತೊಳೆಯುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಬೇಕು. ಸಾಂಪ್ರದಾಯಿಕ ಎಂಬ ಕಾರಣಕ್ಕೆ ಕೊಳವೆಯ ಪರೀಕ್ಷೆಯಿಂದ ವಿನಾಯಿತಿಯೂ ಇಲ್ಲ. ಅಲ್ಲಿನ ಬುಗುರಿ, ಮಣಿಕಟ್ಟು, ಪುಟ್ಟ ಅಡುಗೆ ಪಾತ್ರೆಗಳಲ್ಲಿ ಹಲವು ಅದರೊಳಗೆ ಇಳಿದುಬಿಡುತ್ತವೆ.

ಪೊಟ್ಟಣದ ಮೇಲಿನ ಗುರುತುಗಳು

2021ರ ಜನವರಿ 1ರಿಂದ ಭಾರತದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಮೇಲ್ಭಾಗದಲ್ಲಿ IS 9873 ಎಂದಿರುತ್ತದೆ, ವಿದ್ಯುತ್ತಿನಿಂದ ಅಥವಾ ಸೆಲ್‌ನಿಂದ ನಡೆಯುವುದಾದರೆ IS 15644. ಕೆಳಗೆ CM/L- ಎಂದು ಶುರುವಾಗುವ ಪರವಾನಗಿ ಸಂಖ್ಯೆ. ಸಂಖ್ಯೆಯಿಲ್ಲದ ಬರಿಯ ಗುರುತು ಯಾರು ಬೇಕಾದರೂ ಅಚ್ಚು ಹಾಕಬಹುದಾದದ್ದು. ಮೊಬೈಲಿನಲ್ಲಿ BIS Care ಆ್ಯಪ್ ತೆರೆದು ಆ ಸಂಖ್ಯೆಯನ್ನು ಹಾಕಿದರೆ ತಯಾರಕರ ಹೆಸರು, ಪರವಾನಗಿ ಜಾರಿಯಲ್ಲಿದೆಯೇ ಎಂಬುದು ಕಾಣುತ್ತದೆ. ಹೆಸರು ಪೊಟ್ಟಣದ ಮೇಲಿನದಕ್ಕೆ ಹೊಂದಬೇಕು. ಚನ್ನಪಟ್ಟಣ, ಕೊಂಡಪಲ್ಲಿಯಂಥ ಭೌಗೋಳಿಕ ಸೂಚಿಕೆ ಪಡೆದ ಬೊಂಬೆಗಳಿಗೂ ನೋಂದಾಯಿತ ಕರಕುಶಲಕರ್ಮಿಗಳ ಆಟಿಕೆಗಳಿಗೂ ಈ ಕಡ್ಡಾಯದಿಂದ ವಿನಾಯಿತಿ ಇದೆ.

ಗಲ್ಫ್‌ನಿಂದ ಬಂದ ಆಟಿಕೆಯಲ್ಲಿ ಐಎಸ್‌ಐ ಹುಡುಕಿ ಪ್ರಯೋಜನವಿಲ್ಲ. ಅಲ್ಲಿನ ಮಾರುಕಟ್ಟೆಗೆ ‘G’ ಅಕ್ಷರದ ಗಲ್ಫ್ ಗುರುತು ಬೇಕು, ಅದನ್ನು ನೋಡಬೇಕು. ಐರೋಪ್ಯ ಮಾರುಕಟ್ಟೆಯ ‘CE’ ಗುರುತನ್ನು ಬಹುಪಾಲು ಆಟಿಕೆಗಳಿಗೆ ತಯಾರಕರೇ ತಮ್ಮ ಹೊಣೆಯಲ್ಲಿ ಹಾಕಿಕೊಳ್ಳುತ್ತಾರೆ, ಆದ್ದರಿಂದ ಬರಿಯ ಆ ಎರಡಕ್ಷರದ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ. ಇನ್ನೊಂದು ಸಂಗತಿ: ಈ ಎಲ್ಲ ಗುರುತುಗಳು ಹೇಳುವುದು ಆಟಿಕೆ ತನ್ನ ವಯಸ್ಸಿನ ಗುಂಪಿಗೆ ತಕ್ಕ ಪರೀಕ್ಷೆ ದಾಟಿದೆ ಎಂದಷ್ಟೇ. ಐಎಸ್‌ಐ ಇರುವ ಎಂಟು ವರ್ಷದವರ ಆಟಿಕೆ ಎಂಟು ತಿಂಗಳ ಮಗುವಿಗೆ ಅಪಾಯವೇ.

ಚೀಲವನ್ನು ಚಾಪೆಯ ಮೇಲೆ ಸುರಿದರೆ

ಬಳಸಿ ಬಂದ ಆಟಿಕೆಯಲ್ಲಿ ಪೊಟ್ಟಣವೂ ಇಲ್ಲ, ಅಂಕಿಯೂ ಇಲ್ಲ, ಎಷ್ಟು ಹಳೆಯದೆಂಬ ನೆನಪೂ ಇಲ್ಲ. ಆದರೂ ಅವನ್ನು ಸಾರಾಸಗಟು ಬೇಡವೆನ್ನಬೇಕಿಲ್ಲ. ಪರೀಕ್ಷಕರು ಹೊಸ ಆಟಿಕೆಗೆ ಮಾಡುವುದನ್ನೇ ನಾವು ಹಳೆಯದಕ್ಕೆ ಮಾಡಬೇಕು. ಅವರು ಅದನ್ನು ಸುಮಾರು ಎದೆಯೆತ್ತರದಿಂದ ಮತ್ತೆ ಮತ್ತೆ ಬೀಳಿಸುತ್ತಾರೆ, ತಿರುಚುತ್ತಾರೆ, ಚಾಚಿಕೊಂಡ ಭಾಗಗಳನ್ನು ಏಳು ಕಿಲೋ ತೂಕ ಜಗ್ಗಿದಷ್ಟು ಬಲದಿಂದ ಎಳೆಯುತ್ತಾರೆ. ಆಮೇಲೆ ಕಳಚಿದ್ದನ್ನು ಕೊಳವೆಗೆ ಹಾಕುತ್ತಾರೆ.

ಹತ್ತು ತಿಂಗಳ ಮಗುವಿರುವ ಮನೆಗೆ ಇಂಥದೊಂದು ಚೀಲ ಬಂದಿದೆ ಎಂದು ಭಾವಿಸಿ ಒಂದೊಂದನ್ನೇ ನೋಡೋಣ. ಮೊದಲು ಕೈಗೆ ಬರುವುದು ಹತ್ತಿಯ ಕರಡಿ. ಕಣ್ಣುಗಳು ಪ್ಲಾಸ್ಟಿಕ್ ಗುಂಡಿಗಳು. ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ಕರಡಿಯನ್ನು ಇನ್ನೊಂದು ಕೈಯಿಂದ ಬಲವಾಗಿ ಜಗ್ಗಬೇಕು. ಗುಂಡಿಯ ಹಿಂದೆ ಉಗುರು ಹೋಗುವಷ್ಟು ಎಡೆಯಾದರೆ ಅದು ನಾಳೆ ಮಗುವಿನ ಹಲ್ಲಿಗೂ ಬರುತ್ತದೆ. ಎರಡನ್ನೂ ಕಿತ್ತು, ಆ ಜಾಗದಲ್ಲಿ ಕಪ್ಪು ದಾರದಿಂದ ಕಣ್ಣು ಹೊಲಿದರೆ ಕರಡಿ ಉಳಿಯುತ್ತದೆ. ಬೆನ್ನಿನ ಹೊಲಿಗೆ ಸಡಿಲಾಗಿದ್ದರೆ ಅದನ್ನೂ ಹೊಲಿಯಬೇಕು. ಒಳಗೆ ಹತ್ತಿಯ ಬದಲು ಥರ್ಮಾಕೋಲಿನ ಕಾಳುಗಳಿದ್ದರೆ ರಿಪೇರಿಯ ಮಾತೇ ಬೇಡ.

ಮುಂದಿನದು ಗಿಲಕಿ. ಅಜ್ಜಿ ಅದನ್ನು ಕಂಡೊಡನೆ, “ಇದರಲ್ಲೇ ಇವಳ ಅಪ್ಪನೂ ಆಡಿದ್ದು” ಎನ್ನುತ್ತಾರೆ. ಅಪಾಯ ಇರುವುದೂ ಅಲ್ಲೇ. ಮೂವತ್ತು ವರ್ಷದ ಪ್ಲಾಸ್ಟಿಕ್ ಗಡುಸಾಗಿ ಪೆಡಸಾಗಿರುತ್ತದೆ. ಎರಡು ಹೋಳು ಸೇರಿದ ಗೆರೆಯನ್ನು ಹೆಬ್ಬೆರಳಲ್ಲಿ ಅಮುಕಿದಾಗ ಕಿರಕಿರ ಎಂದರೆ ಮುಂದಿನ ಬೀಳುವಿಕೆಗೆ ಅದು ಒಡೆದು ಕಾಳುಗಳು ನೆಲಕ್ಕೆ ಚೆಲ್ಲುತ್ತವೆ. ಇದು ನೆನಪಿನ ವಸ್ತುವಾಗಿ ಗಾಜಿನ ಕಪಾಟಿಗೆ ಹೋಗಲಿ.

ರಬ್ಬರಿನಂಥ ಮೆದು ಬಾತುಕೋಳಿಯನ್ನು ಮುಟ್ಟಿದಾಗ ಕೈಗೆ ಜಿಗುಟು ಹತ್ತಿದರೆ, ಪ್ಲಾಸ್ಟಿಕನ್ನು ಮೆದುವಾಗಿಡಲು ಬೆರೆಸಿದ ರಾಸಾಯನಿಕ ಹೊರಗೆ ಬಸಿಯುತ್ತಿದೆ ಎಂದು ತಿಳಿಯಬೇಕು. ಅದು ಮಗುವಿನ ಬಾಯಿಗೆ ಹೋಗುವಂಥದ್ದಲ್ಲ. ಅಡಿಯ ಪೀಪಿಯ ಬಿಲ್ಲೆಯನ್ನೂ ಒತ್ತಿ ನೋಡಿ, ಹಳೆಯದರಲ್ಲಿ ಅದು ಹೆಚ್ಚಾಗಿ ಸಡಿಲವಿರುತ್ತದೆ. ನಮ್ಮ ಕರಾವಳಿಯ ತೇವಕ್ಕೆ ಒಳಗೆ ಕಪ್ಪು ಬೂಸ್ಟು ಹಿಡಿಯುವುದು ಇನ್ನೊಂದು ಕಾರಣ.

ಹಾಡುವ ರೈಲು ಬಂಡಿಯನ್ನು ತಿರುಗಿಸಿ ಸೆಲ್ ಇರುವ ಮುಚ್ಚಳ ನೋಡಬೇಕು. ತಿರುಪು ಇದ್ದು ಅದು ಬಿಗಿಯಾಗಿದ್ದರೆ ಮುಂದಿನ ಮಾತು. ಉಗುರಲ್ಲೇ ತೆರೆಯುವಂತಿದ್ದು, ಒಳಗೆ ನಾಣ್ಯದಂಥ ಸೆಲ್ ಇದ್ದರೆ ಆ ಕ್ಷಣವೇ ತೆಗೆದಿಡಬೇಕು. 20 ಮಿ.ಮೀ. ಅಗಲದ ಆ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿನ ತೇವದಲ್ಲಿ ವಿದ್ಯುತ್ ಹರಿದು ಕ್ಷಾರ ಹುಟ್ಟುತ್ತದೆ, ಎರಡೇ ಗಂಟೆಯಲ್ಲಿ ಗೋಡೆ ಸುಟ್ಟುಹೋಗಬಹುದು. ಅಯಸ್ಕಾಂತಕ್ಕಿಂತಲೂ ತ್ವರಿತ. ಗಾಲಿಗಳನ್ನು ಹೊರಕ್ಕೆ ಜಗ್ಗಿ ನೋಡುವುದೂ ಮರೆಯಬಾರದು. ಗಾಲಿ ಕಳಚಿದರೆ ಅದು ಕೊಳವೆಗೆ ಹೋಗುತ್ತದೆ, ಉಳಿದ ಕಡ್ಡಿ ಕಣ್ಣಿಗೆ ಚುಚ್ಚುತ್ತದೆ.

ಎಳೆದುಕೊಂಡು ಹೋಗುವ ಮರದ ಆನೆಯಲ್ಲಿ ಬಣ್ಣ ಏಳದಿದ್ದರೆ, ಗಾಲಿ ಗಟ್ಟಿಯಿದ್ದರೆ, ದೋಷ ಒಂದೇ: ದಾರ. ಒಂದೂವರೆ ವರ್ಷದೊಳಗಿನ ಮಗುವಿನ ಆಟಿಕೆಯ ದಾರ 22 ಸೆಂ.ಮೀ. ಮೀರಬಾರದು, ಕೊರಳಿಗೆ ಸುತ್ತಿಕೊಳ್ಳದಿರಲೆಂದು. ಕತ್ತರಿಸಿದರೆ ಆನೆ ಉಪಯೋಗಕ್ಕೆ ಬರುತ್ತದೆ. ತೊಟ್ಟಿಲ ಮೇಲೆ ತೂಗುಹಾಕುವ ಗಿಳಿಗಳ ಗೊಂಚಲಿಗೂ ಇದೇ ಭಯ. ಮಗು ಅಂಗೈ ಮೊಣಕಾಲೂರಿ ಏಳಲು ಶುರುಮಾಡಿದ ದಿನ ಅದನ್ನು ಬಿಚ್ಚಿಬಿಡಬೇಕು.

ಕೊನೆಗೆ ಚೀಲದ ತಳದಲ್ಲಿ ಉಳಿಯುವುದು ಬಿಡಿ ಚೂರುಗಳು: ಒಂಟಿ ಗಾಲಿ, ಗೊಂಬೆಯ ಬಾಚಣಿಗೆ, ಯಾವುದರದೆಂದು ತಿಳಿಯದ ಒಂದು ಹೊಳೆಯುವ ಬಿಲ್ಲೆ. ಆ ಬಿಲ್ಲೆಯನ್ನು ಉಕ್ಕಿನ ಚಮಚಕ್ಕೆ ಹಿಡಿದು ನೋಡಿ. ಚಮಚ ಅಂಟದಿದ್ದರೆ ಸೇಫ್ಟಿ ಪಿನ್ನಿಗೆ ಹಿಡಿಯಿರಿ, ಎಷ್ಟೋ ಸ್ಟೀಲ್ ಚಮಚಗಳಿಗೆ ಅಯಸ್ಕಾಂತ ಹತ್ತುವುದಿಲ್ಲ.

ಬೇಡವೆಂದು ತೆಗೆದಿಟ್ಟದ್ದನ್ನು ಇನ್ನೊಂದು ಮನೆಗೋ ಅಂಗನವಾಡಿಗೋ ದಾಟಿಸಬೇಡಿ. ಸೆಲ್‌ನ ಎರಡೂ ಮುಖಗಳಿಗೆ ಅಂಟುಪಟ್ಟಿ ಸುತ್ತಿ, ಅಯಸ್ಕಾಂತಗಳನ್ನು ಒಂದಕ್ಕೊಂದು ಅಂಟಿಸಿ ಪಟ್ಟಿಯಿಂದ ಕಟ್ಟಿ ಬೇರೆಯಾಗಿಡಿ. ಪ್ಲಾಸ್ಟಿಕಿನದನ್ನು ಹರಿತ ಕರ್ಮ ಸೇನೆಯವರು ಮನೆಗೆ ಬಂದಾಗ ಕೊಡಬಹುದು. ಕೊಡುವ ಮೊದಲು ಅದನ್ನು ಆಡಲು ಬಾರದಂತೆ ಮುರಿದಿರಿ, ಚೆನ್ನಾಗಿ ಕಾಣುವ ಗಿಲಕಿಯೊಂದು ಕಸದ ಚೀಲದಿಂದ ಮತ್ತೆ ಯಾವುದೋ ಮಗುವಿನ ಕೈಗೆ ಹೋಗುವುದುಂಟು.